ಹತ್ತು ನಿಮಿಷಕ್ಕೊಂದು ಸ್ಕ್ರೀನ್‌ಶಾಟ್

ಮೈಸೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಅಕೌಂಟೆಂಟ್ ಇದ್ದಾಳೆ ಎಂದುಕೊಳ್ಳಿ. ಸುಮಾ ಎಂದು ಕರೆಯೋಣ. ವಿದೇಶದ ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುವುದು ಅವಳ ಕೆಲಸ, ಗಂಟೆಗಿಷ್ಟು ಎಂದು ಸಂಬಳ. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆದು, ಕಂಪನಿಯವರು ಹಾಕಿಸಿದ ಟೈಮರ್ ಒತ್ತುತ್ತಾಳೆ. ಆ ಟೈಮರ್ ಗಂಟೆ ಎಣಿಸುವುದರ ಜೊತೆಗೆ ಇನ್ನೆರಡು ಕೆಲಸ ಮಾಡುತ್ತದೆ. ಕೀಬೋರ್ಡ್ ಮತ್ತು ಮೌಸ್ ಎಷ್ಟು ಆಡಿದವು ಎಂದು ಲೆಕ್ಕ ಇಡುತ್ತದೆ. ಜೊತೆಗೆ ಪ್ರತಿ ಹತ್ತು ನಿಮಿಷದ ಅವಧಿಯಲ್ಲಿ ಯಾವುದೋ ಒಂದು ಗಳಿಗೆಯಲ್ಲಿ, ಮುನ್ಸೂಚನೆ ಕೊಡದೆ, ಪರದೆಯ ಚಿತ್ರ ತೆಗೆದು ದೂರದ ಸರ್ವರ್‌ಗೆ ಕಳುಹಿಸಿಬಿಡುತ್ತದೆ.

ಹಬ್‌ಸ್ಟಾಫ್, ಟೈಮ್ ಡಾಕ್ಟರ್, ಟೆರಾಮೈಂಡ್ ಮುಂತಾದ ಹೆಸರುಗಳಲ್ಲಿ ಈ ಬಗೆಯ ಸಾಫ್ಟ್‌ವೇರ್‌ಗಳು ಮಾರಾಟವಾಗುತ್ತವೆ. ಫ್ರೀಲ್ಯಾನ್ಸ್ ಕೆಲಸಗಳ ದೊಡ್ಡ ಸಂತೆಯಾದ ಅಪ್‌ವರ್ಕ್ ಗಂಟೆ ಲೆಕ್ಕದ ಕೆಲಸಗಳಿಗೆಂದು ತನ್ನದೇ ಆ್ಯಪ್ ಇಟ್ಟುಕೊಂಡಿದೆ. ಅದು ಗಂಟೆಗೆ ಸುಮಾರು ಆರು ಚಿತ್ರ ತೆಗೆಯುತ್ತದೆ. ಕೋವಿಡ್ ಕಾಲದಲ್ಲಿ ಕಚೇರಿಗಳು ಮನೆಗೆ ಬಂದಾಗ ಇವುಗಳ ವ್ಯಾಪಾರ ಜೋರಾಯಿತು. ಕಚೇರಿಗಳು ಮತ್ತೆ ತೆರೆದ ಮೇಲೂ ಇವು ಹಿಂದೆ ಸರಿಯಲಿಲ್ಲ.

ಇವುಗಳಲ್ಲಿ ಎರಡು ಜಾತಿ. ಸುಮಾಳದು ಕಣ್ಣಿಗೆ ಕಾಣುವ ಜಾತಿ: ಟೈಮರ್ ಒತ್ತಿದರೆ ಶುರು, ನಿಲ್ಲಿಸಿದರೆ ಬಂದ್. ಊಟಕ್ಕೆ ಎದ್ದಾಗ ಟೈಮರ್ ನಿಲ್ಲಿಸಿದರೆ ಆ ಹೊತ್ತಿನ ಸಂಬಳವೂ ಇಲ್ಲ, ಚಿತ್ರವೂ ಇಲ್ಲ. ಇನ್ನೊಂದು ಕಾಣದ ಜಾತಿ. ಕಂಪನಿಯ ಐಟಿ ವಿಭಾಗ ಲ್ಯಾಪ್‌ಟಾಪ್ ಕೈಗೆ ಕೊಡುವ ಮೊದಲೇ ಅದನ್ನು ಹಾಕಿಟ್ಟಿರುತ್ತದೆ. ಗಡಿಯಾರದ ಪಕ್ಕ ಐಕಾನ್ ಇರುವುದಿಲ್ಲ, ಯಂತ್ರ ಆನ್ ಆದೊಡನೆ ತಾನೂ ಆನ್ ಆಗುತ್ತದೆ. ಎರಡನೆಯದು ಹೆಚ್ಚು ಭಯ ಹುಟ್ಟಿಸುತ್ತದೆ, ನಿಜ. ಆದರೆ ನೋಡಿದ ಮೇಲೆ ನನಗನ್ನಿಸಿದ್ದು ಬೇರೆ. ಬಾಸ್ ನಮ್ಮ ಸೋಮಾರಿತನ ಹಿಡಿದುಬಿಡುತ್ತಾರೆ ಎಂಬುದೇ ಎಲ್ಲರ ಚಿಂತೆ. ಆದರೆ ಆ ಚಿತ್ರದಲ್ಲಿ ಏನೆಲ್ಲ ಬಂದು ಕೂತಿದೆ, ಅದು ಎಲ್ಲಿ ಎಷ್ಟು ಕಾಲ ಇರುತ್ತದೆ ಎಂಬುದು ಅದಕ್ಕಿಂತ ಗಂಭೀರವಾದ ಪ್ರಶ್ನೆ.

ಮೊದಲು ಶೇಕಡಾವಾರು ಲೆಕ್ಕ. ಹತ್ತು ನಿಮಿಷ ಎಂದರೆ 600 ಸೆಕೆಂಡು. ಹಬ್‌ಸ್ಟಾಫ್ ಮಾದರಿಯ ಲೆಕ್ಕದಲ್ಲಿ ಯಾವ ಸೆಕೆಂಡಿನಲ್ಲಿ ಒಂದು ಕೀಲಿಯಾದರೂ ಒತ್ತಿದ್ದೀರೋ, ಮೌಸ್ ಒಂದಿಷ್ಟಾದರೂ ಸರಿದಿದೆಯೋ ಅದು ‘ಚಟುವಟಿಕೆಯ’ ಸೆಕೆಂಡು. ಒಂದೇ ಸೆಕೆಂಡಿನಲ್ಲಿ ಹತ್ತು ಕೀಲಿ ಒತ್ತಿದರೂ ಒಂದೇ ಲೆಕ್ಕ. ಒಂಬತ್ತರಿಂದ ಒಂಬತ್ತೂ ಹತ್ತರವರೆಗೆ ಸುಮಾ ಮೇಲ್‌ಗಳಿಗೆ ಉತ್ತರ ಬರೆದಳು. 300 ಸೆಕೆಂಡುಗಳಲ್ಲಿ ಏನಾದರೂ ಆಡಿತು, ಅಲ್ಲಿಗೆ ಶೇ 50. ಮುಂದಿನ ಹತ್ತು ನಿಮಿಷ ಒಂದು ಉದ್ದನೆಯ ಬಾಡಿಗೆ ಕರಾರನ್ನು ಓದಿದಳು. ಪುಟ ಸರಿಸಲು ಮೌಸ್ ಮುಟ್ಟಿದ್ದು ಒಟ್ಟು 70 ಸೆಕೆಂಡು. 70ನ್ನು 600ರಿಂದ ಭಾಗಿಸಿದರೆ ಶೇ 12ರ ಹತ್ತಿರ. ಆ ಕರಾರಿನಲ್ಲಿ ಬಾಡಿಗೆಯ ಹೆಚ್ಚಳವನ್ನು ತಪ್ಪಾಗಿ ಲೆಕ್ಕ ಹಾಕಿದ್ದು ಅವಳ ಕಣ್ಣಿಗೆ ಬಿತ್ತು. ಅಂದಿನ ಇಡೀ ದಿನದಲ್ಲಿ ಕಂಪನಿಗೆ ಹೆಚ್ಚು ಹಣ ಉಳಿಸಿದ ಹತ್ತು ನಿಮಿಷ ಅದೇ. ಮ್ಯಾನೇಜರ್‌ ನೋಡುವ ಪಟ್ಟಿಯಲ್ಲಿ ಮಾತ್ರ ಅದು ಕೆಂಪು ಬಣ್ಣದಲ್ಲಿ ಕೂತಿರುತ್ತದೆ.

ಓದುವುದು, ಯೋಚಿಸುವುದು, ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುವುದು, ಕಾಗದದ ಮೇಲೆ ಕೂಡಿಸಿ ಕಳೆಯುವುದು, ಯಾವುದೂ ಈ ಲೆಕ್ಕಕ್ಕೆ ಕಾಣುವುದಿಲ್ಲ. ಡೇಟಾ ಎಂಟ್ರಿ ಮಾಡುವವರ ಶೇಕಡಾವಾರು ಸಹಜವಾಗಿ ಮೇಲಿರುತ್ತದೆ, ಪರಿಶೀಲನೆ ಮಾಡುವವರದು ಕೆಳಗೆ. ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ನೋಡುವ ಮ್ಯಾನೇಜರ್ ಸಿಕ್ಕರೆ ತಾಪತ್ರಯ ಶುರು.

ಇನ್ನು ಚಿತ್ರಕ್ಕೆ ಬರೋಣ. ಹನ್ನೊಂದೂ ಮುಕ್ಕಾಲರ ಹೊತ್ತಿಗೆ ಸುಮಾಳ ಪರದೆಯ ಮೇಲೆ ಕಂಪನಿಯ ಎಕ್ಸೆಲ್ ಹಾಳೆ ತೆರೆದಿದೆ. ಅದರಲ್ಲಿ ಮಾರಾಟಗಾರರ ಹೆಸರು, ಬ್ಯಾಂಕ್ ಖಾತೆ ಸಂಖ್ಯೆಗಳಿವೆ. ಪಕ್ಕದ ಎರಡನೇ ಮಾನಿಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದೆ. ಅಮ್ಮನ ರಕ್ತಪರೀಕ್ಷೆಯ ವರದಿಯನ್ನು ಅಣ್ಣ ಕಳುಹಿಸಿದ್ದಾನೆ. ಪರದೆಯ ಮೂಲೆಯಲ್ಲಿ ಒಂದು ನೋಟಿಫಿಕೇಶನ್ ಜಿಗಿಯಿತು, ಬ್ಯಾಂಕಿನ ಮೇಲ್. ಸರಿಯಾಗಿ ಆ ಗಳಿಗೆಗೆ ಚಿತ್ರ ಬಿತ್ತು. ಇಂಥ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಜೋಡಿಸಿದ ಎಲ್ಲ ಮಾನಿಟರ್‌ಗಳನ್ನೂ ಸೆರೆ ಹಿಡಿಯುತ್ತವೆ. ಹಾಗಾಗಿ ಆ ಒಂದೇ ಗಳಿಗೆಯ ದಾಖಲೆಯಲ್ಲಿ ಕಂಪನಿಯ ಕೆಲಸ, ಮೂರನೆಯವರ ಖಾತೆ ಸಂಖ್ಯೆ, ಅಮ್ಮನ ಸಕ್ಕರೆ ಪ್ರಮಾಣ, ಮಗಳ ಬ್ಯಾಂಕ್ ವ್ಯವಹಾರ ನಾಲ್ಕೂ ಸೇರಿದವು. ಅಮ್ಮನಾಗಲಿ, ಆ ಮಾರಾಟಗಾರರಾಗಲಿ ಯಾವ ಉದ್ಯೋಗ ಪತ್ರಕ್ಕೂ ಸಹಿ ಹಾಕಿದವರಲ್ಲ.

‘ವಾಟ್ಸ್‌ಆ್ಯಪ್ ಎನ್‌ಕ್ರಿಪ್ಟ್ ಆಗಿರುತ್ತದಲ್ಲ, ಯಾರಿಗೂ ಓದಲು ಬರುವುದಿಲ್ಲವಂತೆ’ ಎಂದು ಬಹಳ ಜನ ನಂಬಿದ್ದಾರೆ. ದಾರಿಯಲ್ಲಿ ಯಾರೂ ಓದಲಾರರು ಎಂಬುದು ನಿಜ. ಆದರೆ ಸಂದೇಶ ಬೀಗ ತೆರೆದುಕೊಂಡು ನಿಮ್ಮ ಪರದೆಯ ಮೇಲೆ ಬಿಡಿಯಾಗಿ ಬಿದ್ದ ಮೇಲೆ ತೆಗೆಯುವ ಚಿತ್ರ ಇದು. ಬ್ರೌಸರಿನ ಬೀಗದ ಗುರುತು, ಇನ್‌ಕಾಗ್ನಿಟೊ ಕಿಟಕಿ, ವಿಪಿಎನ್ ಇವೆಲ್ಲವೂ ಇದರ ಮುಂದೆ ನಿರುಪಯೋಗಿ, ಏಕೆಂದರೆ ಅವುಗಳ ಕೆಲಸವೆಲ್ಲ ಬೇರೆ ಕಡೆ. ಕೆಲವು ಆ್ಯಪ್‌ಗಳು ಮಾತ್ರ ತಮ್ಮ ಕಿಟಕಿಯನ್ನು ಚಿತ್ರಕ್ಕೆ ಸಿಗದಂತೆ ಮಾಡಿಕೊಂಡಿರುತ್ತವೆ. ವಿಂಡೋಸ್‌ನಲ್ಲಿ ಸಿಗ್ನಲ್ ಆ್ಯಪ್‌ಗೆ ಅಂಥ ವ್ಯವಸ್ಥೆ ಇದೆ, ಸಿನಿಮಾ ತೋರಿಸುವ ಎಷ್ಟೋ ತಾಣಗಳಿಗೂ ಇದೆ. ಅಲ್ಲಿ ಚಿತ್ರದ ಬದಲು ಕಪ್ಪು ಚೌಕ ಕಾಣುತ್ತದೆ. ಹಾಗೆಂದು ಅದನ್ನು ನೆಚ್ಚಿಕೊಳ್ಳುವುದು ಬೇಡ. ಕೆಲಸದ ಹೊತ್ತಿನಲ್ಲಿ ಕಪ್ಪು ಚೌಕ ಏಕೆ ಎಂಬ ಪ್ರಶ್ನೆಯೂ ಬರಬಹುದು.

ಹತ್ತು ನಿಮಿಷಕ್ಕೆ ಒಂದರಂತೆ ಎಂಟು ಗಂಟೆಗೆ 48 ಚಿತ್ರ. ತಿಂಗಳಿಗೆ 22 ದಿನದ ಕೆಲಸವೆಂದರೆ 1,056. ಹಬ್‌ಸ್ಟಾಫ್‌ನಲ್ಲಿ ಕಂಪನಿ ಬಯಸಿದರೆ ಹತ್ತು ನಿಮಿಷಕ್ಕೆ ಮೂರು ಚಿತ್ರ ತೆಗೆಸಬಹುದು, ಆಗ ಮೂರು ಸಾವಿರ ದಾಟುತ್ತದೆ. ಇಪ್ಪತ್ತು ಜನರ ತಂಡವಿರುವ ಮ್ಯಾನೇಜರ್ ಇವನ್ನೆಲ್ಲ ಕೂತು ನೋಡುತ್ತಾರೆಯೇ? ನೋಡಿದರೆ ಅವರು ಬೇರೆ ಕೆಲಸವನ್ನೇ ಮಾಡುವಂತಿಲ್ಲ. ಅವರು ನೋಡುವುದು ಶೇಕಡಾವಾರು ಪಟ್ಟಿ. ಚಿತ್ರಗಳು ಸುಮ್ಮನೆ ಶೇಖರವಾಗುತ್ತ ಹೋಗುತ್ತವೆ. ಸಂಬಳದ ತಕರಾರು ಬಂದಾಗಲೋ, ಯಾರನ್ನಾದರೂ ತೆಗೆಯಬೇಕು ಎಂದು ನಿರ್ಧಾರವಾದ ಮೇಲೋ ಹಳೆಯ ಚಿತ್ರಗಳನ್ನು ಹೊರಗೆ ತೆಗೆಯುತ್ತಾರೆ. ಆಗ ಒಂದೂವರೆ ಸಾವಿರದಲ್ಲಿ ಆರಿಸಿದ ಐದು ಚಿತ್ರಗಳು ಮೇಜಿನ ಮೇಲೆ ಬರುತ್ತವೆ. ಐದರಲ್ಲೂ ಯೂಟ್ಯೂಬ್ ಇರಬಹುದು. ಹತ್ತು ನಿಮಿಷದಲ್ಲಿ ಯೂಟ್ಯೂಬ್ ಹದಿನೈದು ಸೆಕೆಂಡು ಇತ್ತೋ ಪೂರ್ತಿ ಇತ್ತೋ ಎಂಬುದನ್ನು ಚಿತ್ರವೊಂದೇ ಹೇಳಲಾರದು.

ಚಿತ್ರಗಳು ಶೇಖರವಾಗುವ ಜಾಗದ ಕತೆ 2025ರ ಏಪ್ರಿಲ್‌ನಲ್ಲಿ ಹೊರಬಿತ್ತು. ಸೈಬರ್‌ನ್ಯೂಸ್ ಎಂಬ ಸುದ್ದಿತಾಣದ ಸಂಶೋಧಕರು ವರ್ಕ್‌ಕಂಪೋಸರ್ ಎಂಬ ನಿಗಾ ಸಾಫ್ಟ್‌ವೇರ್‌ನ ಎರಡು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಸ್ಕ್ರೀನ್‌ಶಾಟ್‌ಗಳು ಅಮೆಜಾನ್‌ನ ಕ್ಲೌಡ್ ಸಂಗ್ರಹದಲ್ಲಿ ಯಾವ ಪಾಸ್‌ವರ್ಡೂ ಇಲ್ಲದೆ ಬಿದ್ದಿದ್ದನ್ನು ಕಂಡರು. ಎರಡು ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದ ಸಾಫ್ಟ್‌ವೇರ್ ಅದು. ಯಾರೋ ಪ್ರಚಂಡ ಹ್ಯಾಕರ್ ನುಗ್ಗಿದ್ದಲ್ಲ, ಸಂಗ್ರಹದ ಬಾಗಿಲು ಹಾಕಿಯೇ ಇರಲಿಲ್ಲ. ವಿಷಯ ತಿಳಿಸಿದ ಮೇಲೆ ಮುಚ್ಚಿದರು. ಉದ್ಯೋಗಿಗಳ ಪ್ರಾಮಾಣಿಕತೆ ಕಾಯಲು ಹಾಕಿದ ವ್ಯವಸ್ಥೆ ಕಂಪನಿಗಳ ಒಳಮಾತು, ಲಾಗಿನ್ ಪುಟ, ಗ್ರಾಹಕರ ವಿವರಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿ ಬಿಟ್ಟಿತ್ತು.

ಕಾನೂನು ಇದನ್ನು ಹೇಗೆ ನೋಡುತ್ತದೆ? ಇಲ್ಲಿ ಫ್ರಾನ್ಸಿನ ಒಂದು ಪ್ರಕರಣ ಬಹಳ ಉಪಯುಕ್ತ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ದತ್ತಾಂಶ ಸಂರಕ್ಷಣಾ ಸಂಸ್ಥೆ ಒಂದು ರಿಯಲ್ ಎಸ್ಟೇಟ್ ಕಂಪನಿಗೆ 40,000 ಯೂರೊ ದಂಡ ಹಾಕಿತು. ಕಂಪನಿಯ ಹೆಸರನ್ನು ಸಂಸ್ಥೆ ಬಹಿರಂಗಪಡಿಸಲಿಲ್ಲ. ಆ ಕಂಪನಿ ಉದ್ಯೋಗಿಗಳ ಕಂಪ್ಯೂಟರಿನಲ್ಲಿ ಹಾಕಿದ ಸಾಫ್ಟ್‌ವೇರ್, ಮೂರರಿಂದ ಹದಿನೈದು ನಿಮಿಷ ಕೀಬೋರ್ಡು ಮೌಸು ಅಲುಗದಿದ್ದರೆ ಅದನ್ನು ‘ನಿಷ್ಕ್ರಿಯ’ ಎಂದು ಬರೆದುಕೊಳ್ಳುತ್ತಿತ್ತು. ಆ ಹೊತ್ತು ಸರಿದೂಗಿಸದಿದ್ದರೆ ಸಂಬಳದಲ್ಲಿ ಕಡಿತವೂ ಆಗಬಹುದಿತ್ತು. ಜೊತೆಗೆ ಆಗಾಗ ಸ್ಕ್ರೀನ್‌ಶಾಟ್. ಕಚೇರಿಯಲ್ಲಿ ದನಿಯನ್ನೂ ಹಿಡಿಯುವ ಕ್ಯಾಮೆರಾ ಬೇರೆ.

ಸಂಸ್ಥೆ ಎತ್ತಿದ ಆಕ್ಷೇಪಗಳನ್ನು ಒಂದೊಂದಾಗಿ ನೋಡಬೇಕು. ಮೌಸ್ ಅಲುಗದ ಹೊತ್ತಿನಲ್ಲೂ ಸಭೆಯೋ ಫೋನ್ ಮಾತೋ ನಡೆಯುತ್ತಿರಬಹುದು, ಆದ್ದರಿಂದ ಈ ಲೆಕ್ಕದಿಂದ ಕೆಲಸದ ಗಂಟೆ ನಂಬುವಂತೆ ಸಿಗುವುದಿಲ್ಲ ಎಂದಿತು. ಸ್ಕ್ರೀನ್‌ಶಾಟ್‌ನಲ್ಲಿ ಖಾಸಗಿ ಮೇಲ್, ಚಾಟ್, ಪಾಸ್‌ವರ್ಡ್‌ಗಳು ಸಿಕ್ಕಿಬೀಳುವ ಸಂಭವವಿದೆ ಎಂದಿತು. ಉದ್ಯೋಗಿಗಳಿಗೆ ಬಾಯಿಮಾತಿನಲ್ಲಿ ಹೇಳಿದ್ದೇವೆ ಎಂಬ ಕಂಪನಿಯ ಸಮಜಾಯಿಷಿ ನಿಲ್ಲಲಿಲ್ಲ. ಲಿಖಿತ ಮಾಹಿತಿ ಇರಲಿಲ್ಲ. ಈ ನಿಗಾದ ಪರಿಣಾಮವೇನು ಎಂದು ಮೊದಲೇ ಅಳೆದು ಬರೆದಿಡಬೇಕಾದ ದಾಖಲೆ ಇರಲಿಲ್ಲ. ಇನ್ನೊಂದು ಸಣ್ಣ ಸಂಗತಿ ನನ್ನ ಗಮನ ಸೆಳೆಯಿತು: ಎಲ್ಲ ಚಿತ್ರಗಳನ್ನೂ ನೋಡಬಲ್ಲ ಅಡ್ಮಿನ್ ಖಾತೆಯನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಅಂದರೆ ಯಾರ ಚಿತ್ರವನ್ನು ಯಾರು ನೋಡಿದರು ಎಂದು ಕೇಳಿದರೆ ಉತ್ತರವೇ ಇಲ್ಲ.

ನಮ್ಮಲ್ಲಿ ಪರಿಸ್ಥಿತಿ ಅಷ್ಟು ಉದ್ಯೋಗಿಯ ಪರವಾಗಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿಗೆ ಹಿಡಿಯುವ ಗುರಾಣಿ. ಖಾಸಗಿ ಕಂಪನಿಯ ವಿಚಾರಕ್ಕೆ ನೋಡಬೇಕಾದ್ದು ಅದರ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು.

ಈ ಕಾಯ್ದೆಯ ಸಾಮಾನ್ಯ ನಿಯಮ, ಯಾರ ಮಾಹಿತಿಯೋ ಅವರ ಒಪ್ಪಿಗೆ ಪಡೆಯಬೇಕು ಎಂಬುದು. ಆದರೆ 7ನೇ ಸೆಕ್ಷನ್ನಿನಲ್ಲಿ ಒಪ್ಪಿಗೆ ಬೇಕಿಲ್ಲದ ಸಂದರ್ಭಗಳ ಪಟ್ಟಿ ಇದೆ. ಉದ್ಯೋಗದ ಉದ್ದೇಶಕ್ಕೆ, ಕಂಪನಿಯ ಗುಟ್ಟು ಸೋರದಂತೆ ತಡೆಯುವುದಕ್ಕೆ, ಮಾಲೀಕರಿಗೆ ನಷ್ಟವಾಗದಂತೆ ಕಾಪಾಡುವುದಕ್ಕೆ ಉದ್ಯೋಗಿಯ ಮಾಹಿತಿ ಬಳಸುವುದು ಆ ಪಟ್ಟಿಯಲ್ಲಿ ಸೇರಿದೆ. ಇನ್ನೂ ಒಂದು ಗಂಟಿದೆ. ‘ನನ್ನ ಬಗ್ಗೆ ಏನೇನು ಮಾಹಿತಿ ಇಟ್ಟಿದ್ದೀರಿ’ ಎಂದು ಕೇಳುವ ಹಕ್ಕು 11ನೇ ಸೆಕ್ಷನ್ನಿನಲ್ಲಿದೆ, ಆದರೆ ಅದು ಒಪ್ಪಿಗೆಯ ಮೇಲೆ ಪಡೆದ ಮಾಹಿತಿಗೆ ಜೋಡಿಸಿದ ಹಕ್ಕು. ಕಂಪನಿ ‘ನಾವು ಒಪ್ಪಿಗೆಯ ದಾರಿಯಲ್ಲಿ ಬಂದಿಲ್ಲ, ಉದ್ಯೋಗದ ದಾರಿಯಲ್ಲಿ ಬಂದಿದ್ದೇವೆ’ ಎಂದರೆ ಆ ಹಕ್ಕು ಕೈಗೆ ಸಿಗದೆ ಜಾರುತ್ತದೆ. ಸುರಕ್ಷಿತವಾಗಿ ಇಡುವ ಹೊಣೆಯಿಂದ ಮಾತ್ರ ಕಂಪನಿ ತಪ್ಪಿಸಿಕೊಳ್ಳುವಂತಿಲ್ಲ. ಸಾಕಷ್ಟು ರಕ್ಷಣೆ ಇಲ್ಲದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿರುವುದರಿಂದ ಅವು ಜಾರಿಗೆ ಬರುವುದು 2027ರ ಮೇನಲ್ಲಿ.

ಹೀಗಾಗಿ ಸದ್ಯಕ್ಕೆ ನಿಮ್ಮ ಕೈಲಿರುವ ಮುಖ್ಯ ಕಾಗದ ಕಾಯ್ದೆಯ ಪುಸ್ತಕವಲ್ಲ, ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಪತ್ರಗಳು. ನೇಮಕಾತಿ ಪತ್ರದ ಜೊತೆ ಬರುವ ಐಟಿ ನೀತಿಯ ಮೂರನೇ ನಾಲ್ಕನೇ ಪುಟದಲ್ಲಿ ಎಲ್ಲೋ ‘ಕಂಪನಿಯ ಉಪಕರಣಗಳ ಬಳಕೆಯನ್ನು ಗಮನಿಸುವ ಹಕ್ಕು ಕಂಪನಿಗಿದೆ’ ಎಂಬ ಅರ್ಥದ ಸಾಲು ಇರುತ್ತದೆ. ಅದನ್ನು ಓದಿ. ಅಲ್ಲಿ ಸ್ಕ್ರೀನ್‌ಶಾಟ್ ಎಂದು ಬರೆದಿಲ್ಲದಿದ್ದರೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳುವುದರಲ್ಲಿ ತಪ್ಪಿಲ್ಲ: ಯಾವ ಹೊತ್ತಿನಲ್ಲಿ ತೆಗೆಯುತ್ತೀರಿ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ. ಜಗಳದ ದನಿ ಬೇಡ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಚಿತ್ರವನ್ನು ಮಸುಕು ಮಾಡುವ ಸೌಲಭ್ಯ ಹಲವಕ್ಕೆ ಇದೆ. ಕೆಲಸ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ, ಅಕ್ಷರ ಓದಲು ಬರುವುದಿಲ್ಲ. ನಿಮ್ಮ ಕೆಲಸದಲ್ಲಿ ರೋಗಿಗಳ ದಾಖಲೆಯೋ ಗ್ರಾಹಕರ ಖಾತೆ ವಿವರವೋ ಪರದೆಯ ಮೇಲೆ ಬರುವುದಾದರೆ ಅದನ್ನೇ ಮುಂದಿಟ್ಟು ಮಸುಕು ಮಾಡಿ ಎಂದು ಕೇಳಿ. ‘ನನ್ನ ಖಾಸಗಿತನ’ ಎಂದರೆ ಕಿವಿಗೆ ಹಾಕಿಕೊಳ್ಳದ ಮ್ಯಾನೇಜರ್, ‘ನಮ್ಮ ಗ್ರಾಹಕರ ಮಾಹಿತಿ ಮೂರನೇ ಕಂಪನಿಯ ಸರ್ವರ್‌ನಲ್ಲಿ ಕೂರುತ್ತಿದೆ’ ಎಂದರೆ ಎದ್ದು ಕೂರುತ್ತಾರೆ.

ಯಂತ್ರದಲ್ಲೇ ಗೊತ್ತುಮಾಡಿಕೊಳ್ಳಬಹುದೇ? ಆಪಲ್ ಲ್ಯಾಪ್‌ಟಾಪ್ ಆದರೆ ಒಂದು ಮಟ್ಟಿಗೆ ಹೌದು. 2019ರಿಂದ ಈಚೆಗೆ ಪರದೆ ಸೆರೆಹಿಡಿಯುವ ಆ್ಯಪ್‌ಗೆ ಅಲ್ಲಿ ಪ್ರತ್ಯೇಕ ಅನುಮತಿ ಬೇಕು. System Settings ಒಳಗೆ Privacy & Security ತೆರೆದು, Screen & System Audio Recording ಎಂಬಲ್ಲಿ ನೋಡಿದರೆ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ಸಿಗುತ್ತದೆ. ಅಲ್ಲಿ ಜೂಮ್ ಅಥವಾ ಟೀಮ್ಸ್ ಕಂಡರೆ ಗಾಬರಿ ಬೇಡ, ಪರದೆ ಹಂಚಿಕೊಳ್ಳಲು ಅವಕ್ಕೂ ಇದೇ ಅನುಮತಿ ಬೇಕು. ವಿಂಡೋಸ್‌ನಲ್ಲಿ ಮಾಮೂಲಿ ಪ್ರೋಗ್ರಾಂಗಳಿಗೆ ಇಂಥ ತಡೆಯಿಲ್ಲ. Task Manager ತೆರೆದು ಹೆಸರು ಹುಡುಕಬಹುದು, ಆದರೆ ಕಾಣದ ಜಾತಿಯವು ಅಲ್ಲಿ ಏನೋ ಸಾಧಾರಣ ಹೆಸರಿನಲ್ಲಿ ಕೂತಿರುತ್ತವೆ. ಅಲ್ಲಿ ಏನೂ ಕಾಣದಿದ್ದರೆ ಏನೂ ಇಲ್ಲ ಎಂದರ್ಥವಲ್ಲ. ಕಂಪನಿ ಕೊಟ್ಟ ಯಂತ್ರದಲ್ಲಿ ಪರದೆ ಇನ್ನೊಬ್ಬರಿಗೂ ಕಾಣುತ್ತಿದೆ ಎಂದುಕೊಂಡೇ ಕೂರುವುದು ಕ್ಷೇಮ. ವಾಟ್ಸ್‌ಆ್ಯಪ್ ವೆಬ್, ನೆಟ್‌ಬ್ಯಾಂಕಿಂಗ್, ಬೇರೆ ಕಂಪನಿಗೆ ಕಳುಹಿಸುವ ಬಯೋಡೇಟಾ ಇವೆಲ್ಲ ನಿಮ್ಮ ಫೋನಿನಲ್ಲಿ, ನಿಮ್ಮ ಡೇಟಾದಲ್ಲಿ ನಡೆಯಲಿ.

ಸ್ವಂತ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ ಎಂದರೆ ಪ್ರಶ್ನೆ ಬಿಗಿಯಾಗುತ್ತದೆ. ಕಂಪನಿ ಬೇರೆ ಯಂತ್ರ ಕೊಡಲಿ ಎಂದು ಕೇಳಿ. ಆಗದಿದ್ದರೆ ವರ್ಚುವಲ್ ಡೆಸ್ಕ್‌ಟಾಪ್ ಕೇಳಿ. ಆಗ ಕಂಪನಿಯ ಕಂಪ್ಯೂಟರ್ ನಿಮ್ಮ ಪರದೆಯ ಒಂದು ಕಿಟಕಿಯೊಳಗೆ ತೆರೆದುಕೊಳ್ಳುತ್ತದೆ, ನಿಗಾ ಸಾಫ್ಟ್‌ವೇರ್ ಆ ಕಿಟಕಿಯ ಒಳಗೇ ಇದ್ದರೆ ಹೊರಗಿನದು ಅದಕ್ಕೆ ಕಾಣದು. ಅದೂ ಇಲ್ಲವೆಂದರೆ ಲ್ಯಾಪ್‌ಟಾಪಿನಲ್ಲಿ ಕೆಲಸಕ್ಕೆಂದೇ ಇನ್ನೊಂದು ಯೂಸರ್ ಖಾತೆ ತೆರೆದು, ಸ್ವಂತದ್ದೇನನ್ನೂ ಅಲ್ಲಿ ತೆರೆಯದಿರುವುದು ಉಳಿದ ದಾರಿ. ಇದು ಪೂರ್ತಿ ರಕ್ಷಣೆಯಲ್ಲ, ಅಡ್ಮಿನ್ ಅಧಿಕಾರ ಪಡೆದ ಸಾಫ್ಟ್‌ವೇರ್ ಎಲ್ಲ ಖಾತೆಗೂ ಕೈ ಹಾಕಬಲ್ಲದು.

ಇಲ್ಲಿ ಒಂದು ಮಾತು ಖಾರವಾಗಿಯೇ ಹೇಳಬೇಕು. ಮೌಸನ್ನು ತಾನಾಗಿ ಅಲ್ಲಾಡಿಸುವ ಜಿಗ್ಲರ್ ಎಂಬ ಪುಟ್ಟ ಸಾಧನ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಶೇಕಡಾವಾರು ಏರುತ್ತದೆ, ಆದರೆ ಸ್ಕ್ರೀನ್‌ಶಾಟ್ ಸಾಲಿನಲ್ಲಿ ಅದೇ ಪುಟ ಆರು ಸಲ ಬಂದಿರುತ್ತದೆ. ಮೌಸ್ ಎಡೆಬಿಡದೆ ಓಡಿದೆ, ಕೀಲಿ ಒಂದೂ ಒತ್ತಿಲ್ಲ, ಪರದೆ ಬದಲಾಗಿಲ್ಲ. ಇದನ್ನು ಹಿಡಿಯಲು ಜಾಣತನವೇನೂ ಬೇಕಿಲ್ಲ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ 2024ರಲ್ಲಿ ಹೀಗೆ ಕೀಬೋರ್ಡ್ ಚಟುವಟಿಕೆ ಸೃಷ್ಟಿಸಿದ ಆರೋಪದ ಮೇಲೆ ಹನ್ನೆರಡಕ್ಕೂ ಹೆಚ್ಚು ಜನರನ್ನು ತೆಗೆದುಹಾಕಿತು. ಕಡಿಮೆ ಶೇಕಡಾವಾರಿಗೆ ವಿವರಣೆ ಕೊಡಬಹುದು. ಜಿಗ್ಲರ್ ಸಿಕ್ಕಿದರೆ ಅದಕ್ಕೆ ವಂಚನೆ ಎಂಬ ಹೆಸರು ಬರುತ್ತದೆ, ಮುಂದಿನ ಕಂಪನಿ ಹಿನ್ನೆಲೆ ವಿಚಾರಿಸುವಾಗಲೂ ಅದು ಬೆನ್ನು ಬಿಡದು.

ಶೇ 12ರ ಬಗ್ಗೆ ಮೇಲ್ ಬಂದರೆ ಸುಮಾ ಏನು ಮಾಡಬೇಕು? ಮೊದಲು ದಿನಾಂಕ ಮತ್ತು ಹೊತ್ತು ಕೇಳಬೇಕು. ‘ಈ ತಿಂಗಳು ಕಡಿಮೆ’ ಎಂಬ ಮಾತಿಗೆ ಉತ್ತರ ಕೊಡಲು ಬರುವುದಿಲ್ಲ, ‘ಮಂಗಳವಾರ 9.10ರಿಂದ 9.20’ ಎಂದರೆ ಬರುತ್ತದೆ. ಆಮೇಲೆ ಆ ಹೊತ್ತಿನ ಸ್ಕ್ರೀನ್‌ಶಾಟನ್ನೇ ತೋರಿಸಿ ಎನ್ನಬೇಕು. ಅದರಲ್ಲಿ ಬಾಡಿಗೆ ಕರಾರಿನ ಪುಟ ಇದ್ದೇ ಇರುತ್ತದೆ. ತಪ್ಪು ಹಿಡಿದು ಕಳುಹಿಸಿದ ಮೇಲ್ ಅನ್ನು ಅದರ ಪಕ್ಕ ಇಟ್ಟರೆ ಮಾತು ಮುಗಿಯಿತು. ಟೈಮರ್‌ನಲ್ಲಿ ಟಿಪ್ಪಣಿ ಬರೆಯಲು ಒಂದು ಸಾಲಿನ ಜಾಗ ಇರುತ್ತದೆ. ‘ಕರಾರು ಓದುತ್ತಿದ್ದೇನೆ’, ‘ಫೋನ್ ಕರೆ’ ಎಂದು ಅಲ್ಲಿ ತುಂಬುವ ಅಭ್ಯಾಸವಿದ್ದರೆ ಇಂಥ ಮೇಲ್ ಬರುವುದೇ ಕಡಿಮೆ. ಇನ್ನು ಖಾಸಗಿ ಚಿತ್ರ ಬಿದ್ದುಬಿಟ್ಟಿದ್ದರೆ: ಅಪ್‌ವರ್ಕ್‌ನಲ್ಲಿ ಕೆಲಸಗಾರರೇ ಅದನ್ನು ಅಳಿಸಬಹುದು, ಬದಲಿಗೆ ಆ ಹತ್ತು ನಿಮಿಷದ ಕೂಲಿ ಬಿಡಬೇಕು. ಬೇರೆ ಕಡೆ ಅಳಿಸುವ ಅಧಿಕಾರ ಕಂಪನಿಯ ಅಡ್ಮಿನ್ ಕೈಲಿರಬಹುದು, ಅವತ್ತೇ ಬರೆದು ಕೇಳಬೇಕು.

ಕೆಲಸ ಬಿಡುವಾಗ ಇದನ್ನೆಲ್ಲ ಮರೆಯುವವರೇ ಹೆಚ್ಚು. ಕಂಪನಿಯ ಯಂತ್ರವಾದರೆ ಬ್ರೌಸರಿನಲ್ಲಿ ಉಳಿದ ಸ್ವಂತ ಖಾತೆಗಳಿಂದ ಲಾಗ್‌ಔಟ್ ಆಗಿ, ಫೋನಿನ ವಾಟ್ಸ್‌ಆ್ಯಪ್ ತೆರೆದು Linked devices ಪಟ್ಟಿಯಿಂದ ಆ ಲ್ಯಾಪ್‌ಟಾಪನ್ನು ತೆಗೆದುಹಾಕಿ. ಸ್ವಂತ ಯಂತ್ರವಾದರೆ ಟೈಮರ್ ನಿಲ್ಲಿಸಿದರೆ ಸಾಲದು, ಸಾಫ್ಟ್‌ವೇರನ್ನೇ ತೆಗೆಯಬೇಕು. ತೆಗೆಯಲು ಪಾಸ್‌ವರ್ಡ್ ಕೇಳಿದರೆ ಐಟಿ ವಿಭಾಗದವರೇ ತೆಗೆದುಕೊಡಬೇಕು. ಕೊನೆಯ ದಿನ ದಾಟಿದರೆ ಆ ಮೇಲ್‌ಗೆ ಉತ್ತರಿಸುವವರು ಸಿಗುವುದು ಕಷ್ಟ, ಆದ್ದರಿಂದ ರಿಲೀವಿಂಗ್ ಲೆಟರ್ ಕೇಳುವ ಮೇಲ್‌ನಲ್ಲೇ ಇದನ್ನೂ ಸೇರಿಸಿ.